ಪೈಪಿನ ಉದ್ದ ಎರಡರಷ್ಟಾದರೂ ನೀರು ಎರಡರಷ್ಟು ಬಿಸಿಯಾಗಲಿಲ್ಲ, ಏಕೆ?

ಪ್ರಶ್ನೆ: ಸರ್, ಬೆಂಗಳೂರಿನ ಹೊರವಲಯದಲ್ಲಿ ನಮ್ಮದೊಂದು ಚಿಕ್ಕ ಜ್ಯೂಸ್ ಘಟಕ ಇದೆ. ಬಾಟಲಿ ತೊಳೆಯಲು 90 ಡಿಗ್ರಿ ನೀರು ಬೇಕು. ಒಳವ್ಯಾಸ 15 ಮಿ.ಮೀ. ಇರುವ 2 ಮೀಟರ್ ತಾಮ್ರದ ಪೈಪಿಗೆ ಹೊರಗಿನಿಂದ ಹಬೆಯ ಜಾಕೆಟ್ ಹಾಕಿಸಿದೆ. ಜಾಕೆಟ್‌ನ ಕೊನೆ ತೆರೆದೇ ಇದೆ, ಹಬೆ ಸ್ವಲ್ಪ ಹೊರಗೆ ಬರುತ್ತಿರುತ್ತದೆ. ನಿಮಿಷಕ್ಕೆ 6 ಲೀಟರ್ ಬಿಟ್ಟರೆ 25 ಡಿಗ್ರಿಯ ನೀರು 57ಕ್ಕೆ ಬಂತು. ಮೀಟರಿಗೆ 16 ಡಿಗ್ರಿ ಅಂತ ಲೆಕ್ಕ ಹಾಕಿ 4 ಮೀಟರ್ ಮಾಡಿಸಿದೆ, 89 ಬರಬೇಕಿತ್ತು, 76 ಮಾತ್ರ ಬಂತು. ಇನ್ನೊಂದು ವಿಚಿತ್ರ: 2 ಮೀಟರ್ ಪೈಪಿನಲ್ಲಿ ನೀರನ್ನು ಎರಡು ಪಟ್ಟು ಬಿಟ್ಟಾಗ 41ಕ್ಕೆ ಇಳಿಯಬೇಕಿತ್ತು, 50 ಬಂತು. ಪುಸ್ತಕದಲ್ಲಿ e ಇರುವ ಒಂದು ಸೂತ್ರ ಇದೆ, ಅದರಲ್ಲಿ ಗೋಡೆಯ ಉಷ್ಣತೆ 100 ಅಂತ ಹಾಕಬೇಕೇ? ಕೊನೆಗೆ ಎಷ್ಟು ಮೀಟರ್ ಪೈಪು ಬೇಕು?

ಉತ್ತರ: ನಿಮ್ಮ ಅಳತೆಗಳು ಸರಿಯಾಗಿಯೇ ಇವೆ, ತಪ್ಪಿರುವುದು ಮೀಟರಿಗೆ 16 ಡಿಗ್ರಿ ಎಂಬ ಲೆಕ್ಕ. ಪೈಪಿನೊಳಗೆ ಹರಿಯುವ ನೀರು ತಾನು ಎಷ್ಟು ಕಾದಿದ್ದೇನೆ ಎಂದು ನೋಡುವುದಿಲ್ಲ. ಹಬೆಗೂ ತನಗೂ ಇನ್ನೆಷ್ಟು ಅಂತರ ಉಳಿದಿದೆ ಎನ್ನುವುದೊಂದೇ ಅದಕ್ಕೆ ಮುಖ್ಯ. ಶಾಖ ಒಳಗೆ ಬರುವ ವೇಗ ಆ ಅಂತರಕ್ಕೆ ತಕ್ಕಷ್ಟು. ಹಾಗಾಗಿ ಏರಿಕೆಯನ್ನು ಬದಿಗಿಟ್ಟು ಅಂತರವನ್ನೇ ಹಿಡಿದು ಲೆಕ್ಕ ಮಾಡೋಣ.

ಅದಕ್ಕೆ ಮೊದಲು ಹಬೆಯ ಉಷ್ಣತೆ ಗೊತ್ತಾಗಬೇಕು. ನಿಮ್ಮ ಜಾಕೆಟ್‌ನ ಕೊನೆ ತೆರೆದಿರುವುದರಿಂದ ಒಳಗಿನ ಒತ್ತಡ ಹೊರಗಿನ ವಾತಾವರಣದ್ದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್, ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ 100 ಅಲ್ಲ, 97 ಹಾಕಿ. ಮೂರು ಡಿಗ್ರಿ ಏನು ಮಹಾ ಎನಿಸಬಹುದು. ಮುಂದೆ ಪೈಪಿನ ಉದ್ದ ಲೆಕ್ಕ ಹಾಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ಈಗ ಅಂತರ ನೋಡಿ. ನೀರು ಒಳಬರುವಾಗ 97 ಕಳೆ 25, ಅಂದರೆ 72 ಡಿಗ್ರಿ. ಎರಡು ಮೀಟರ್ ದಾಟಿದಾಗ 97 ಕಳೆ 57, ಅಂದರೆ 40. ಅಂತರದಲ್ಲಿ 40/72 ಪಾಲು, 0.556, ಉಳಿದಿದೆ. ಮುಂದಿನ ಎರಡು ಮೀಟರಿಗೆ ನೀರು ಹೊರಡುವುದು 72ರ ಅಂತರದಿಂದಲ್ಲ, 40ರಿಂದ. ಅದೇ ಪೈಪು, ಅದೇ ಹಬೆ, ಅದೇ ಹರಿವು, ಹಾಗಾಗಿ ಉಳಿಯುವ ಪಾಲೂ ಅದೇ: 40ರಲ್ಲಿ 0.556 ಪಾಲು ಅಂದರೆ 22 ಡಿಗ್ರಿ. ಹೊರಬರುವ ನೀರು 97 ಕಳೆ 22, ಎಂದರೆ 75. ನೀವು ಅಳೆದದ್ದು 76. ಆ ಒಂದು ಡಿಗ್ರಿ ಎಲ್ಲಿಂದ ಬಂತು ಎನ್ನುವುದಕ್ಕೂ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಬ್ಯಾಂಕಿನ ಸಾಲದಲ್ಲಿ ಇಳಿಕೆ ಬಡ್ಡಿ ಎನ್ನುತ್ತಾರಲ್ಲ, ಉಳಿದ ಅಸಲಿನ ಮೇಲಷ್ಟೇ ಬಡ್ಡಿ, ಇದೂ ಹಾಗೆಯೇ. ನಿಮ್ಮ ಪೈಪಿನಲ್ಲಿ ಲೆಕ್ಕ ಇನ್ನೂ ಸುಲಭವಾಗಿ ಕೂಡಿಬಂದಿದೆ. ಎರಡು ಮೀಟರಿಗೆ 0.556 ಆದರೆ ಒಂದು ಮೀಟರಿಗೆ ಅದರ ವರ್ಗಮೂಲ, 0.745. ಅಂದರೆ ಪ್ರತಿ ಮೀಟರೂ ಉಳಿದ ಅಂತರದಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ತಿನ್ನುತ್ತದೆ. 72 ಇದ್ದದ್ದು 54, ಆಮೇಲೆ 40, 30, 22, 17, 12, 9, ಎಂಟನೇ ಮೀಟರಿನ ಕೊನೆಗೆ 7. ಮೊದಲ ಮೀಟರ್ 18 ಡಿಗ್ರಿ ಏರಿಸಿದರೆ ಎಂಟನೆಯದು ಎರಡೂವರೆ ಡಿಗ್ರಿಯನ್ನೂ ಏರಿಸುವುದಿಲ್ಲ. ನಿಮಗೆ ಬೇಕಾದ 90 ಡಿಗ್ರಿ ಎಂದರೆ ಅಂತರ 7ಕ್ಕೆ ಇಳಿಯಬೇಕು. ಅಲ್ಲಿಗೆ ಉತ್ತರ ಸಿಕ್ಕಂತಾಯಿತು: ಸುಮಾರು 8 ಮೀಟರ್.

ಪುಸ್ತಕದ ಸೂತ್ರ ಹೇಳುವುದೂ ಇಷ್ಟನ್ನೇ. ಪೈಪಿನ ಒಂದು ತೆಳು ಹೋಳನ್ನು ಊಹಿಸಿಕೊಳ್ಳಿ, ಉದ್ದ ಒಂದು ಸೆಂಟಿಮೀಟರ್ ಎನ್ನಿ. ಅದರ ಗೋಡೆಯ ಮೂಲಕ ಸೆಕೆಂಡಿಗೆ ಒಳಬರುವ ಶಾಖ ಎಂದರೆ ಶಾಖ ವರ್ಗಾವಣೆಯ ಗುಣಾಂಕ, ಹೋಳಿನ ಮೇಲ್ಮೈ, ಅಲ್ಲಿನ ಅಂತರ ಈ ಮೂರರ ಗುಣಲಬ್ಧ. ಅದೇ ಶಾಖ ನೀರಿನ ಉಷ್ಣತೆಯನ್ನು ಏರಿಸಬೇಕು. ಏರಿಕೆಗೆ ಅಡ್ಡ ನಿಲ್ಲುವುದು ಸೆಕೆಂಡಿಗೆ ಹರಿಯುವ ನೀರಿನ ತೂಕ ಮತ್ತು ನೀರಿನ ವಿಶಿಷ್ಟ ಶಾಖ. ಇವೆರಡನ್ನೂ ಸಮ ಮಾಡಿದರೆ, ಒಂದು ಹೋಳಿನಲ್ಲಿ ಅಂತರ ಎಷ್ಟು ಕುಗ್ಗುತ್ತದೆ ಎನ್ನುವುದು ಅಲ್ಲಿ ಇರುವ ಅಂತರಕ್ಕೆ ಅನುಪಾತದಲ್ಲಿದೆ ಎಂದು ಸಿಗುತ್ತದೆ. ಕುಗ್ಗುವ ಪ್ರಮಾಣ ಉಳಿದದ್ದನ್ನೇ ಅವಲಂಬಿಸಿದ್ದರೆ e ಬಂದೇ ಬರುತ್ತದೆ. ಹೋಳುಗಳನ್ನೆಲ್ಲ ಕೂಡಿಸಿದಾಗ ಹೀಗಾಗುತ್ತದೆ:

```
T_out = T_s - (T_s - T_in) * exp( -U * pi * D * L / (m * cp) )
```

ಇದರಲ್ಲಿ T_s ಹಬೆಯ ಉಷ್ಣತೆ, U ಶಾಖ ವರ್ಗಾವಣೆ ಗುಣಾಂಕ, D ಒಳವ್ಯಾಸ, L ಉದ್ದ, m ಸೆಕೆಂಡಿಗೆ ಹರಿಯುವ ನೀರಿನ ತೂಕ, cp ವಿಶಿಷ್ಟ ಶಾಖ. ನಿಮಿಷಕ್ಕೆ 6 ಲೀಟರ್ ಎಂದರೆ ಸೆಕೆಂಡಿಗೆ 0.1 ಕೆ.ಜಿ., ವಿಶಿಷ್ಟ ಶಾಖ 4180, ಎರಡನ್ನೂ ಗುಣಿಸಿದರೆ 418. ಅಂದರೆ ಈ ಹರಿವನ್ನು ಒಂದು ಡಿಗ್ರಿ ಏರಿಸಲು 418 ವ್ಯಾಟ್ ಬೇಕು.

U ಎಷ್ಟು ಎಂದು ಪುಸ್ತಕ ತೆರೆಯುವ ಮೊದಲು ನಿಮ್ಮ ಪೈಪನ್ನೇ ಕೇಳಬಹುದು. ಎರಡು ಮೀಟರಿಗೆ 72 ಇದ್ದದ್ದು 40 ಆಗಿದೆ. 72/40ರ ಲಾಗರಿತಮ್, e ಆಧಾರದ್ದು, 0.588. ಘಾತದಲ್ಲಿರುವ ಮೊತ್ತ ಇಷ್ಟೇ ಇರಬೇಕು. ಅಲ್ಲಿಂದ U ಸುಮಾರು 2600 ಎಂದು ಬರುತ್ತದೆ, ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಇಷ್ಟು ವ್ಯಾಟ್. ಕೆಲಸಕ್ಕೆ ಇನ್ನೂ ಅನುಕೂಲವಾದ ಸಂಖ್ಯೆ ಒಂದಿದೆ: 2 ಮೀಟರನ್ನು 0.588ರಿಂದ ಭಾಗಿಸಿದರೆ 3.4 ಮೀಟರ್. ಇದು ನಿಮ್ಮ ಪೈಪಿನ ಸ್ವಂತ ಅಳತೆಗೋಲು ಎನ್ನಿ, ಪ್ರತಿ 3.4 ಮೀಟರಿಗೆ ಅಂತರ ಶೇ. 37ಕ್ಕೆ ಇಳಿಯುತ್ತದೆ. ಎಕ್ಸೆಲ್‌ನಲ್ಲಿ A2 ಕೋಶದಲ್ಲಿ ಉದ್ದ ಬರೆದು ಪಕ್ಕದಲ್ಲಿ ಇದನ್ನು ಹಾಕಿದರೆ ಹೊರಬರುವ ಉಷ್ಣತೆ ಸಿಗುತ್ತದೆ:

```
=97-(97-25)*EXP(-A2/3.4)
```

ಇದೇ ಸೂತ್ರವನ್ನು ತಿರುಗಿಸಿದರೆ ಬೇಕಾದ ಉದ್ದ ಸಿಗುತ್ತದೆ. 90 ಡಿಗ್ರಿಗೆ 3.4 ಗುಣಿಸು ln(72/7), ಅಂದರೆ 7.9 ಮೀಟರ್. ಹಬೆ 100 ಡಿಗ್ರಿ ಎಂದುಕೊಂಡು ಇದೇ ಲೆಕ್ಕವನ್ನು ನಿಮ್ಮ ಅಳತೆಗಳಿಂದ ಮಾಡಿದ್ದರೆ 7.25 ಮೀಟರ್ ಸಾಕು ಎಂದು ಬರುತ್ತಿತ್ತು, ಮುಕ್ಕಾಲು ಮೀಟರಿನಷ್ಟು ಕಡಿಮೆ. ಬೇಕಾದ ಉಷ್ಣತೆ ಹಬೆಗೆ ಹತ್ತಿರವಾದಷ್ಟೂ ಈ ತಪ್ಪು ದೊಡ್ಡದಾಗುತ್ತದೆ. ಯಾರಾದರೂ 98 ಡಿಗ್ರಿ ನೀರು ಕೇಳಿದರು ಎನ್ನಿ. 100 ಹಾಕಿದ ಲೆಕ್ಕ ಸುಮಾರು 13 ಮೀಟರ್ ಪೈಪು ತನ್ನಿ ಎನ್ನುತ್ತದೆ. ಆದರೆ ತೆರೆದ ಜಾಕೆಟ್‌ನಲ್ಲಿ ಹಬೆಯೇ 97 ಇರುವಾಗ 130 ಮೀಟರ್ ಹಾಕಿದರೂ 98 ಬರುವುದಿಲ್ಲ.

ಇನ್ನು ಗೋಡೆಯ ವಿಷಯ. ನೀವು ಕೇಳಿದ್ದು ಗೋಡೆಯ ಉಷ್ಣತೆ, ನಾನು ಹಾಕಿದ್ದು ಹಬೆಯದು. ಇವೆರಡೂ ಒಂದೇ ಅಲ್ಲ, ಇಲ್ಲಿ ಬಹಳ ಮಂದಿ ಎಡವುತ್ತಾರೆ. ಪುಸ್ತಕದ ಸೂತ್ರದಲ್ಲಿ U ಜಾಗದಲ್ಲಿ h ಇರುತ್ತದೆ, ಅದು ನೀರಿಗೂ ಒಳಗೋಡೆಗೂ ನಡುವಿನ ಗುಣಾಂಕ ಮಾತ್ರ. ಕೊಳವೆಯಲ್ಲಿ ಪ್ರಕ್ಷುಬ್ಧವಾಗಿ ಹರಿಯುವ ನೀರಿಗೆ h ಕಂಡುಹಿಡಿಯಲು ಡಿಟಸ್ ಮತ್ತು ಬೋಲ್ಟರ್ ಹೆಸರಿನ ಸೂತ್ರ ಬಳಕೆಯಲ್ಲಿದೆ:

```
Nu = 0.023 * Re^0.8 * Pr^0.4
h  = Nu * k / D
```

ಇದರಲ್ಲಿ Nu ನಸೆಲ್ಟ್ ಸಂಖ್ಯೆ, Re ರೆನಾಲ್ಡ್ಸ್ ಸಂಖ್ಯೆ, Pr ಪ್ರಾಂಡ್ಟ್ಲ್ ಸಂಖ್ಯೆ, k ನೀರಿನ ಶಾಖವಾಹಕತೆ. ನೀರಿನ ಗುಣಗಳನ್ನು ಒಳಬರುವ ಮತ್ತು ಹೊರಹೋಗುವ ಉಷ್ಣತೆಗಳ ನಡುವಿನಲ್ಲಿ, ಸುಮಾರು 41 ಡಿಗ್ರಿಯಲ್ಲಿ, ತೆಗೆದುಕೊಳ್ಳೋಣ. ರೆನಾಲ್ಡ್ಸ್ ಸಂಖ್ಯೆ 13,000ದ ಮೇಲೆ ಬರುತ್ತದೆ, ಹರಿವು ಪ್ರಕ್ಷುಬ್ಧ ಎನ್ನುವುದರಲ್ಲಿ ಅನುಮಾನವಿಲ್ಲ. ಪ್ರಾಂಡ್ಟ್ಲ್ ಸಂಖ್ಯೆ 4.2, ನಸೆಲ್ಟ್ ಸಂಖ್ಯೆ 81, ಕೊನೆಗೆ h ಸುಮಾರು 3430. ಗೋಡೆ ಪೂರ್ತಿ 97ರಲ್ಲೇ ನಿಂತಿದ್ದರೆ 2 ಮೀಟರಿಗೆ 64 ಡಿಗ್ರಿ ಬರಬೇಕಿತ್ತು. ನಿಮಗೆ ಬಂದದ್ದು 57.

ಆ ಏಳು ಡಿಗ್ರಿ ಹೋದದ್ದು ಪೈಪಿನ ಹೊರಮೈಯಲ್ಲಿ. ಹಬೆ ತಾಮ್ರದ ಮೇಲೆ ನೀರಾಗಿ ಇಳಿಯುವಾಗ ಒಂದು ತೆಳು ಪೊರೆಯಾಗಿ ಪೈಪನ್ನು ಸುತ್ತಿಕೊಳ್ಳುತ್ತದೆ, ಶಾಖ ಆ ಪೊರೆಯನ್ನು ದಾಟಿಯೇ ಬರಬೇಕು. ನಿಮ್ಮ ಅಳತೆಯ 2600ರ ವಿಲೋಮದಿಂದ 3430ರ ವಿಲೋಮವನ್ನು ಕಳೆದರೆ ಹೊರಗಿನ ಅಡ್ಡಿಗೆ ಸಮನಾದ ಗುಣಾಂಕ ಸುಮಾರು 11,000 ಎಂದು ಸಿಗುತ್ತದೆ. ಅಡ್ಡಲಾಗಿ ಮಲಗಿಸಿದ ಸಣ್ಣ ಪೈಪಿನ ಮೇಲೆ ಹಬೆ ನೀರಾಗುವಾಗ 10,000ದಿಂದ 15,000 ಬರುವುದು ಸಹಜ, ಆದ್ದರಿಂದ ನಿಮ್ಮ ಜಾಕೆಟ್ ಆರೋಗ್ಯವಾಗಿಯೇ ಇದೆ. ತಾಮ್ರದ ಗೋಡೆಯ ಅಡ್ಡಿ ಲೆಕ್ಕಕ್ಕೇ ಬಾರದಷ್ಟು ಕಡಿಮೆ.

ಈ ಸಂಖ್ಯೆಗಳಿಂದ ಗೋಡೆಯ ನಿಜವಾದ ಉಷ್ಣತೆಯನ್ನೂ ತೆಗೆಯಬಹುದು. ನೀರು ಒಳಬರುವ ತುದಿಯಲ್ಲಿ ಗೋಡೆ ಸುಮಾರು 80 ಡಿಗ್ರಿ, 2 ಮೀಟರಿನ ಕೊನೆಯಲ್ಲಿ ಸುಮಾರು 87. ಅಂದರೆ ನಿಮ್ಮ ಯಂತ್ರದಲ್ಲಿ ಗೋಡೆಯ ಉಷ್ಣತೆ ಸ್ಥಿರವೇ ಅಲ್ಲ! ಸ್ಥಿರವಾಗಿರುವುದು ಗೋಡೆಯ ಆಚೆಗಿನ ಹಬೆ. ಆದರೂ e ಸೂತ್ರದ ರೂಪ ಕೆಡುವುದಿಲ್ಲ, ಏಕೆಂದರೆ ಅಂತರವನ್ನು ಸ್ಥಿರವಾದ ಹಬೆಯಿಂದ ಅಳೆದು, h ಬದಲು ಪೊರೆಯನ್ನೂ ಸೇರಿಸಿಕೊಂಡ U ಹಾಕಿದ್ದೇವೆ. ನಿಯಮ ಇಷ್ಟೇ: ಗೋಡೆಯ ಉಷ್ಣತೆ ನಿಜಕ್ಕೂ ಗೊತ್ತಿದ್ದು ಸ್ಥಿರವಾಗಿದ್ದರೆ h, ಆಚೆಗಿನ ದ್ರವ ಅಥವಾ ಹಬೆಯ ಉಷ್ಣತೆ ಸ್ಥಿರವಾಗಿದ್ದರೆ U. ಹಬೆಯ ಉಷ್ಣತೆಯ ಜೊತೆ h ಹಾಕಿದರೆ ಕಾಗದದ ಮೇಲೆ ಯಾವಾಗಲೂ ನಿಜಕ್ಕಿಂತ ಬಿಸಿಯಾದ ನೀರು ಬರುತ್ತದೆ.

ಈಗ ಬಾಕಿ ಇದ್ದ ಒಂದು ಡಿಗ್ರಿ. ಮೊದಲ 2 ಮೀಟರಿನಲ್ಲಿ ಅಂತರ 72ರಿಂದ 40ಕ್ಕೆ ಬಂತು, ಪಾಲು 0.556. ನಿಮ್ಮ ಅಳತೆಯಂತೆ ಮುಂದಿನ 2 ಮೀಟರಿನಲ್ಲಿ 40ರಿಂದ 21ಕ್ಕೆ ಬಂದಿದೆ, ಪಾಲು 0.525. ಎರಡನೆಯ ಭಾಗ ಮೊದಲನೆಯದಕ್ಕಿಂತ ತುಸು ಚುರುಕಾಗಿದೆ. ಬಿಸಿನೀರು ತಣ್ಣೀರಿಗಿಂತ ತೆಳು: 25 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ 0.89 ಮಿಲಿಪ್ಯಾಸ್ಕಲ್-ಸೆಕೆಂಡ್, 75 ಡಿಗ್ರಿಯಲ್ಲಿ 0.38. ತೆಳುವಾದಷ್ಟೂ ಹರಿವಿನ ಕದಡುವಿಕೆ ಹೆಚ್ಚು, h ಹೆಚ್ಚು. ನೀರಿನ ಗುಣಗಳನ್ನು 50 ಡಿಗ್ರಿಯಲ್ಲಿ ತೆಗೆದುಕೊಂಡು 4 ಮೀಟರಿಗೆ ಲೆಕ್ಕ ಮಾಡಿದರೆ ಸರಿಯಾಗಿ 76 ಬರುತ್ತದೆ, ನೀವೇ ಮಾಡಿ ನೋಡಿ. ಇದೇ 0.525ನ್ನು ಮುಂದಿನ ನಾಲ್ಕು ಮೀಟರಿಗೂ ಹಿಡಿದರೆ ಅಂತರ 21ರಿಂದ 11, ಆಮೇಲೆ 6 ಡಿಗ್ರಿ. ಅಂದರೆ 8 ಮೀಟರಿಗೆ 91. ನಿಮಗೆ ಸಿಗುವ ಹೆಚ್ಚುವರಿ ಒಂದೇ ಡಿಗ್ರಿ, ಅದನ್ನು ನಂಬಿ ಉದ್ದ ಕಡಿಮೆ ಮಾಡಬೇಡಿ.

ನೀರನ್ನು ಎರಡು ಪಟ್ಟು ಬಿಟ್ಟಾಗ 41 ಬಾರದೆ 50 ಬಂದದ್ದಕ್ಕೂ ಕಾರಣ h. ಹರಿವು ಹೆಚ್ಚಾದರೆ ಪ್ರತಿ ಲೀಟರಿಗೆ ಸಿಗುವ ಸಮಯ ಅರ್ಧವಾಗುತ್ತದೆ, ನಿಜ. ಆದರೆ ವೇಗ ಎರಡರಷ್ಟಾದಾಗ ಒಳಗಿನ ಗುಣಾಂಕ 2ರ 0.8 ಘಾತದಷ್ಟು, ಎಂದರೆ 1.74 ಪಟ್ಟು ಏರುತ್ತದೆ. ಹೊರಗಿನ ಪೊರೆಯ ಅಡ್ಡಿ ಮಾತ್ರ ಹಾಗೆಯೇ ಉಳಿಯುವುದರಿಂದ U ಅಷ್ಟು ಏರದೆ ಸುಮಾರು 3850ಕ್ಕೆ ನಿಲ್ಲುತ್ತದೆ. ಸೂತ್ರಕ್ಕೆ ಹಾಕಿದರೆ ಉಳಿಯುವ ಪಾಲು 0.648, ಹೊರಬರುವ ನೀರು 50 ಡಿಗ್ರಿ. ನಿಮ್ಮ ಥರ್ಮಾಮೀಟರ್ ಹೇಳಿದ್ದೂ ಅದನ್ನೇ. ಆದರೆ ನೀರಿಗೆ ಹೋದ ಒಟ್ಟು ಶಾಖ 13 ಕಿಲೋವ್ಯಾಟಿನಿಂದ 21ಕ್ಕೆ ಏರಿದೆ, ಅಂದರೆ ನಿಮ್ಮ ಬಾಯ್ಲರ್ ಅಷ್ಟು ಹೆಚ್ಚು ಹಬೆ ಕೊಟ್ಟಿದೆ.

ಪೈಪಿನಲ್ಲಿ ಹರಿಯುವುದು ನೀರಿನ ಬದಲು ಎಣ್ಣೆಯೋ ದಪ್ಪ ಪಾಕವೋ ಆಗಿದ್ದರೆ ಈ ಭಾಗ ಪೂರ್ತಿ ಬೇರೆ. ರೆನಾಲ್ಡ್ಸ್ ಸಂಖ್ಯೆ 2300ಕ್ಕಿಂತ ಕೆಳಗಿನ ಶಾಂತ ಹರಿವಿನಲ್ಲಿ 0.023 ಸೂತ್ರ ನಡೆಯುವುದಿಲ್ಲ. ಬಹು ಉದ್ದದ ಪೈಪಿನಲ್ಲಿ ನಸೆಲ್ಟ್ ಸಂಖ್ಯೆ 3.66ಕ್ಕೆ ನಿಲ್ಲುತ್ತದೆ, ಆದರೆ ಅಲ್ಲಿಗೆ ತಲುಪಲು ಬೇಕಾದ ಉದ್ದ ವ್ಯಾಸ, ರೆನಾಲ್ಡ್ಸ್, ಪ್ರಾಂಡ್ಟ್ಲ್ ಮೂರನ್ನೂ ಗುಣಿಸಿ 0.05ರಿಂದ ಗುಣಿಸಿದಷ್ಟು. ನಿಮ್ಮ 15 ಮಿ.ಮೀ. ಪೈಪಿನಲ್ಲಿ ರೆನಾಲ್ಡ್ಸ್ 200, ಪ್ರಾಂಡ್ಟ್ಲ್ 500 ಇರುವ ಎಣ್ಣೆಗೆ ಅದು 75 ಮೀಟರ್! ಅಂಥ ಕಡೆ ಮೊದಲ 2 ಮೀಟರಿನ ಪಾಲನ್ನು ಮುಂದಿನ 2 ಮೀಟರಿಗೆ ಹಾಗೇ ಎತ್ತಿ ಹಾಕಲು ಆಗುವುದಿಲ್ಲ, ಏಕೆಂದರೆ ಗುಣಾಂಕವೇ ಉದ್ದಕ್ಕೂ ಇಳಿಯುತ್ತಿರುತ್ತದೆ. ನೀರಿನ ಪ್ರಕ್ಷುಬ್ಧ ಹರಿವಿನಲ್ಲಿ ಹತ್ತಾರು ವ್ಯಾಸಗಳಷ್ಟು ದೂರದಲ್ಲೇ, ಅರ್ಧ ಮೀಟರಿನೊಳಗೆ, ಅದು ನೆಲೆಗೊಳ್ಳುತ್ತದೆ. ಹಾಗಾಗಿ ನಿಮಗೆ ಆ ತಲೆನೋವಿಲ್ಲ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಮೀಟರಿಗೆ 16 ಡಿಗ್ರಿ ಲೆಕ್ಕ ಬಿಟ್ಟವರು ಸಾಮಾನ್ಯವಾಗಿ ಮುಂದೆ ಬೀಳುವ ಗುಂಡಿ ಸರಾಸರಿ ಅಂತರದ್ದು. ಒಂದು ತುದಿಯಲ್ಲಿ 72, ಇನ್ನೊಂದರಲ್ಲಿ 7, ಸರಾಸರಿ 39.5, ಅದರಿಂದ ಉದ್ದ ತೆಗೆದರೆ 5.6 ಮೀಟರ್ ಸಾಕು ಎಂದು ಬರುತ್ತದೆ. ತಪ್ಪು ಎಲ್ಲಿದೆ ಎಂದರೆ ನೀರು ದೊಡ್ಡ ಅಂತರದಲ್ಲಿ ಇರುವುದು ಪೈಪಿನ ಮೊದಲ ಸ್ವಲ್ಪ ಭಾಗದಲ್ಲಿ ಮಾತ್ರ, ಸಣ್ಣ ಅಂತರದಲ್ಲೇ ಬಹುದೂರ ತೆವಳುತ್ತದೆ. ಸರಿಯಾದ ಸರಾಸರಿ ಎಂದರೆ ಎರಡು ತುದಿಗಳ ಅಂತರಗಳ ವ್ಯತ್ಯಾಸ 65ನ್ನು ಅವುಗಳ ಅನುಪಾತದ ಲಾಗರಿತಮ್‌ನಿಂದ, 2.33ರಿಂದ, ಭಾಗಿಸಿದ್ದು: 28 ಡಿಗ್ರಿ. ಇದನ್ನೇ ಲಾಗ್ ಸರಾಸರಿ ಎನ್ನುವುದು. ಇದು ಬೇರೆ ಸೂತ್ರವೇನಲ್ಲ, ಮೇಲಿನ e ಸೂತ್ರವನ್ನೇ ತಿರುಗಿಸಿ ಬರೆದದ್ದು.

ಇನ್ನು ನಿಮ್ಮ ಪೈಪು. ಈಗಾಗಲೇ 4 ಮೀಟರ್ ಇದೆ, ಇನ್ನೊಂದು 4 ಮೀಟರ್ ಬೇಕು. ಅದನ್ನು ಮೊದಲಿನದರ ಪಕ್ಕಕ್ಕೆ ಸಮಾಂತರವಾಗಿ ಜೋಡಿಸಿ ನೀರನ್ನು ಇಬ್ಭಾಗ ಮಾಡಿದರೆ ಚೆನ್ನ ಎಂದು ಫ್ಯಾಬ್ರಿಕೇಶನ್‌ನವರು ಹೇಳಬಹುದು. ಒಪ್ಪಬೇಡಿ. ಆಗ ಪ್ರತಿ ಪೈಪಿನಲ್ಲಿ 3 ಲೀಟರ್ ಮಾತ್ರ ಹರಿದು ವೇಗ ಅರ್ಧವಾಗುತ್ತದೆ, ಒಳಗಿನ ಗುಣಾಂಕ 2000ಕ್ಕಿಂತ ಕೆಳಗಿಳಿಯುತ್ತದೆ, ಹೊರಬರುವ ನೀರು 81 ಡಿಗ್ರಿಗೆ ನಿಲ್ಲುತ್ತದೆ. ಒಂದರ ಹಿಂದೆ ಒಂದಾಗಿ ಜೋಡಿಸಿದರೆ ಅದೇ 8 ಮೀಟರ್ ತಾಮ್ರ 90 ದಾಟಿಸುತ್ತದೆ. ಉದ್ದ ಹೆಚ್ಚಾದರೆ ಒತ್ತಡ ಬೀಳುವುದಿಲ್ಲವೇ ಎಂದರೆ, ನಿಮ್ಮ ವೇಗ ಸೆಕೆಂಡಿಗೆ 0.57 ಮೀಟರ್ ಅಷ್ಟೇ. 8 ಮೀಟರ್ ನೇರ ಪೈಪಿನಲ್ಲಿ ಬೀಳುವುದು ಸುಮಾರು 0.024 ಬಾರ್, ಕಾಲು ಮೀಟರ್ ಎತ್ತರದ ನೀರಿನಷ್ಟು. ಬಾಗುಗಳನ್ನು ಸೇರಿಸಿದರೂ ಪಂಪಿಗೆ ಗೊತ್ತಾಗುವುದಿಲ್ಲ.

ಪೈಪು ಉದ್ದ ಮಾಡದೆಯೂ ಒಂದು ದಾರಿ ಇದೆ. ಹಬೆಯ ಒತ್ತಡ ಗೇಜಿನಲ್ಲಿ 1 ಬಾರ್ ಇದ್ದರೆ ನಿಮ್ಮೂರಿನಲ್ಲಿ ಅದರ ಉಷ್ಣತೆ ಸುಮಾರು 118 ಡಿಗ್ರಿ. ಒಳಬರುವಾಗಿನ ಅಂತರ 72 ಇದ್ದದ್ದು 93 ಆಗುತ್ತದೆ, ಉಳಿಯುವ ಪಾಲು ಹಾಗೆಯೇ ಇರುತ್ತದೆ. ಈಗಿನ 4 ಮೀಟರಿನಲ್ಲೇ 90ರ ಹತ್ತಿರ ನೀರು ಬರುತ್ತದೆ. ಲೆಕ್ಕ ಚೆಂದವಾಗಿದೆ, ಆದರೆ ನಿಮಗೆ ಇದನ್ನು ನಾನು ಸೂಚಿಸುವುದಿಲ್ಲ. ತೆರೆದ ಬಾಯಿಯ ಜಾಕೆಟ್‌ಗೆಂದು ಬೆಸೆದ ತಗಡು ಒತ್ತಡಕ್ಕೆ ಮಾಡಿದ್ದಲ್ಲ. ಬಾಯಿ ಮುಚ್ಚಬೇಕಾದರೆ ಒತ್ತಡ ತಡೆಯುವ ಪೈಪಿನ ಜಾಕೆಟ್, ಸೇಫ್ಟಿ ವಾಲ್ವ್, ಸ್ಟೀಮ್ ಟ್ರ್ಯಾಪ್, ಗಾಳಿ ಹೊರಬಿಡುವ ವ್ಯವಸ್ಥೆ ಎಲ್ಲವೂ ಬೇಕು. ಅಷ್ಟೇ ಅಲ್ಲ, ಪಂಪು ನಿಂತ ಕ್ಷಣ 118 ಡಿಗ್ರಿಯ ಗೋಡೆಯೊಳಗೆ ಸಿಕ್ಕಿಬಿದ್ದ ನೀರು ಕುದಿಯುತ್ತದೆ. ತೆರೆದ ಜಾಕೆಟ್‌ನಲ್ಲಿ ಹಬೆ 97 ದಾಟುವುದೇ ಇಲ್ಲವಾದ್ದರಿಂದ ಪೈಪಿನೊಳಗಿನ ನೀರು ಜೋರಾಗಿ ಕುದಿದು ಉಗುಳುವ ಭಯವಿಲ್ಲ. ನನ್ನ ಮತ ಉದ್ದದ ಪೈಪಿಗೇ.

ಉದ್ದ ಮಾಡುವ ಮೊದಲು ಬಾಯ್ಲರ್ ವಿಚಾರಿಸಿ. 25ರಿಂದ 90ಕ್ಕೆ ಏರಿಸಲು 27 ಕಿಲೋವ್ಯಾಟ್ ಬೇಕು, ಅಂದರೆ ಗಂಟೆಗೆ 43 ಕೆ.ಜಿ. ಹಬೆ ಪೈಪಿನ ಮೇಲೆ ನೀರಾಗಬೇಕು. ಈಗ ನಿಮ್ಮ 4 ಮೀಟರ್ ಪೈಪು ಕುಡಿಯುತ್ತಿರುವುದು 34 ಕೆ.ಜಿ. ಹಬೆ ಸಾಲದೆ ಹೋದರೆ ಜಾಕೆಟ್‌ನ ಕೊನೆಯ ಭಾಗ ತಲುಪುವ ಮೊದಲೇ ಎಲ್ಲ ನೀರಾಗಿ, ಅಲ್ಲಿಂದ ಮುಂದೆ ಜಾಕೆಟ್‌ನಲ್ಲಿ ಇರುವುದು ಬೆಚ್ಚಗಿನ ಗಾಳಿ ಮಾತ್ರ. ಗುರುತಿಸುವುದು ಸುಲಭ: ತೆರೆದ ಬಾಯಿಯಿಂದ ಸಣ್ಣಗೆ ಹಬೆ ಬರುತ್ತಲೇ ಇರಬೇಕು. ಅದು ನಿಂತಿತೆಂದರೆ ಸೂತ್ರದ ಆಧಾರವೇ ಹೋಯಿತು, ಆಗ ಇನ್ನೂ ಹತ್ತು ಮೀಟರ್ ಹಾಕಿದರೂ ಪ್ರಯೋಜನವಿಲ್ಲ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಇಂಥದ್ದೇ ಜಾಕೆಟ್ ಪೈಪು ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಹೊತ್ತಿಗೆ ಹತ್ತು ಡಿಗ್ರಿ ಕಡಿಮೆ ಕೊಡುತ್ತಿತ್ತು. ಬಾಯಿಯಿಂದ ಹಬೆಯೂ ಬರುತ್ತಿತ್ತು, ಹಾಗಾಗಿ ಎರಡು ದಿನ ನಾವು ಥರ್ಮಾಮೀಟರನ್ನೇ ಬೈದೆವು. ಕೊನೆಗೆ ಜಾಕೆಟ್‌ನ ತಳ ಮುಟ್ಟಿ ನೋಡಿದಾಗ ತಿಳಿಯಿತು, ಕಂಡೆನ್ಸೇಟ್, ಅಂದರೆ ಹಬೆ ತಣಿದು ಆದ ನೀರು, ಹೋಗುವ ರಂಧ್ರ ತುಕ್ಕಿನ ಚೂರಿನಿಂದ ಅರ್ಧ ಮುಚ್ಚಿ ನೀರು ಒಳಗೇ ತುಂಬಿಕೊಳ್ಳುತ್ತಿತ್ತು. ಪೈಪಿನ ಒಂದು ಭಾಗ ಹಬೆಯ ಬದಲು ನಿಂತ ನೀರಿನಲ್ಲಿ ಮುಳುಗಿತ್ತು, ಆ ಭಾಗ ನಮ್ಮ ಪಾಲಿಗೆ ಇಲ್ಲದಂತೆಯೇ. ನಿಮ್ಮ ಜಾಕೆಟ್ ಕಂಡೆನ್ಸೇಟ್ ಹೋಗುವ ಕಡೆಗೆ ತುಸು ಇಳಿಜಾರಾಗಿರಲಿ.

ನಿಮಗೆ ಎಲ್ಲಕ್ಕಿಂತ ಹೆಚ್ಚು ಕಾಡಲಿರುವುದು ಸುಣ್ಣ. ಬೋರ್‌ವೆಲ್‌ನ ಗಡಸು ನೀರನ್ನು 60 ಡಿಗ್ರಿ ದಾಟಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಪೈಪಿನ ಒಳಮೈಗೆ ಅಂಟುತ್ತಾ ಹೋಗುತ್ತದೆ, ಅದೂ ಬಿಸಿಯಾದ ಕೊನೆಯ ಮೀಟರುಗಳಲ್ಲಿ ಹೆಚ್ಚು. ಒಳಮೈ ಪೂರ್ತಿ ಅರ್ಧ ಮಿಲಿಮೀಟರ್ ದಪ್ಪದ ಪೊರೆ ಕಟ್ಟಿತು ಎನ್ನಿ, ಅದರ ಶಾಖವಾಹಕತೆ 1.5 ಎಂದು ಹಿಡಿಯಿರಿ. ಆ ಪೊರೆಯೊಂದರ ಅಡ್ಡಿಯೇ ಈಗಿನ ಒಟ್ಟು ಅಡ್ಡಿಗೆ ಹತ್ತಿರವಾಗುತ್ತದೆ, U 2600ರಿಂದ 1400ಕ್ಕೆ ಇಳಿಯುತ್ತದೆ, 8 ಮೀಟರ್ ಪೈಪು ಕೊಡುವುದು 76 ಡಿಗ್ರಿ. ಅಂದರೆ ಅರ್ಧ ಮಿ.ಮೀ. ಸುಣ್ಣ ನಿಮ್ಮ 4 ಮೀಟರ್ ತಾಮ್ರವನ್ನು ನುಂಗಿ ಕೂತಿದೆ. ಮೆದುನೀರು ಮಾಡುವ ಸಾಫ್ಟ್‌ನರ್ ಇಲ್ಲದಿದ್ದರೆ ಪೈಪಿನ ಎರಡೂ ತುದಿಗೆ ಯೂನಿಯನ್ ಹಾಕಿಸಿ, ಬಿಚ್ಚಿ ತೊಳೆಯುವಂತಿರಲಿ.

ಹೊಸ ಪೈಪು ಮಾಡಿಸುವಾಗ 4 ಮೀಟರಿನ ಜೋಡಣೆಯಲ್ಲಿ ಒಂದು ಥರ್ಮಾಮೀಟರ್ ಪಾಕೆಟ್ ಹಾಕಿಸಿ, ಕೊನೆಯಲ್ಲಿ ಇನ್ನೊಂದು, ಅದು ಬಾಗಿನ ನಂತರ ಇರಲಿ, ನೀರು ಚೆನ್ನಾಗಿ ಬೆರೆತಿರುತ್ತದೆ. 97ರಿಂದ ಪ್ರತಿ ಓದನ್ನು ಕಳೆದು ಲಾಗರಿತಮ್ ತೆಗೆದು ಉದ್ದದ ಎದುರು ಗುರುತು ಹಾಕಿದರೆ, ಒಳಬರುವ ನೀರಿನದೂ ಸೇರಿ ಮೂರು ಬಿಂದುಗಳು ಹೆಚ್ಚುಕಡಿಮೆ ಒಂದು ನೇರ ಗೆರೆಯಲ್ಲಿ ಕೂರಬೇಕು. ಹೊಸದರಲ್ಲಿ ಕೊನೆಯ ಬಿಂದು ಗೆರೆಗಿಂತ ತುಸು ಕೆಳಗೆ ಬೀಳುತ್ತದೆ, ಅದು ಆ ತೆಳುವಾದ ಬಿಸಿನೀರಿನ ಕೆಲಸ. ಅದೇ ಬಿಂದು ಗೆರೆಯ ಮೇಲಕ್ಕೆ ಹೋಯಿತೆಂದರೆ ಕೊನೆಯ ನಾಲ್ಕು ಮೀಟರ್ ಸೋತಿದೆ: ಅಲ್ಲಿ ಹಬೆ ತಲುಪುತ್ತಿಲ್ಲ, ಇಲ್ಲವೇ ಕಂಡೆನ್ಸೇಟ್ ನಿಂತಿದೆ, ಇಲ್ಲವೇ ಸುಣ್ಣ ಅಲ್ಲೇ ಕಟ್ಟಿದೆ. ಒಂದೇ ದಿನದಲ್ಲಿ ಹಾಗಾದರೆ ಮೊದಲ ಎರಡರಲ್ಲಿ ಒಂದು, ತಿಂಗಳುಗಟ್ಟಲೆ ನಿಧಾನವಾಗಿ ಆದರೆ ಸುಣ್ಣ.

ಚಳಿಗಾಲದ ಚಿಂತೆ ಬೇಡ. ಡಿಸೆಂಬರ್‌ನಲ್ಲಿ ಟ್ಯಾಂಕಿನ ನೀರು 20 ಡಿಗ್ರಿಗೆ ಇಳಿದರೂ 8 ಮೀಟರಿನ ಕೊನೆಯಲ್ಲಿ ಉಳಿಯುವ ಪಾಲು ಹತ್ತರಲ್ಲಿ ಒಂದಕ್ಕೂ ಕಡಿಮೆ, ಹಾಗಾಗಿ ಹೊರಬರುವ ನೀರು ಇಳಿಯುವುದು ಅರ್ಧ ಡಿಗ್ರಿ.